ಸಿಸೇರಿಯನ್ ಮಗುವಿನ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಬರುವುದು ಹೇಗೆ? ಮೊದಲ ವರ್ಷ ಏನೇನು ಮಾಡಬೇಕು?

ಕರ್ನಾಟಕದಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಮೂರು ಸಿಸೇರಿಯನ್ ಮೂಲಕವೇ ಹುಟ್ಟುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು ಇದನ್ನೇ. ಬಾಣಂತಿಯನ್ನು ನೋಡಲು ಬಂದವರಲ್ಲಿ ಒಬ್ಬರಾದರೂ ಒಂದು ಮಾತು ಹೇಳಿ ಹೋಗುತ್ತಾರೆ: "ಆಪರೇಷನ್ ಮಗು ಅಲ್ವಾ, ಅದಕ್ಕೆ ಶಕ್ತಿ ಕಡಿಮೆ." ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಆ ನಿಜ ಹೆರಿಗೆ ಕೋಣೆಯಲ್ಲೇ ಮುಗಿದುಹೋಗುವುದಿಲ್ಲ. ನಂತರದ ತಿಂಗಳುಗಳಲ್ಲಿ ಅದನ್ನು ಬಹಳಷ್ಟು ಸರಿಪಡಿಸಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಹೆರಿಗೆಯೂ ಸಿಸೇರಿಯನ್ ಆಗಿದ್ದ ತಾಯಿ. ಈಗ 39 ವಾರಕ್ಕೆ ದಿನ ಗೊತ್ತು ಮಾಡಿ ಆಪರೇಷನ್ ಆಗಿದೆ. ಹೆಣ್ಣು ಮಗು, 2.9 ಕೆ.ಜಿ. ಸದ್ಯಕ್ಕೆ ಪುಟ್ಟಿ ಅನ್ನೋಣ.

ಹಂತ 1: ಪುಟ್ಟಿಗೆ ಏನು ತಪ್ಪಿತು ಎಂದು ತಿಳಿದುಕೊಳ್ಳಿ

ಹೊಟ್ಟೆಯಲ್ಲಿದ್ದಾಗ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಇರುವುದೇ ಇಲ್ಲ. ಹುಟ್ಟುವ ಹೊತ್ತಿನಿಂದ ಅವು ಬಂದು ಸೇರತೊಡಗುತ್ತವೆ. ಮೊದಲು ಬರುವುದು ಆಮ್ಲಜನಕ ಇದ್ದರೂ ಬದುಕುವ ಇ. ಕೋಲೈ, ಎಂಟರೋಕಾಕಸ್‌ನಂಥವು. ಅವು ಕರುಳಿನ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಆಮೇಲೆ ಗಾಳಿ ಸೋಕಿದರೆ ಬದುಕದ ಬಿಫಿಡೋಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ಬಂದು ನೆಲೆಯಾಗುತ್ತವೆ.

ಮಾಮೂಲಿ ಹೆರಿಗೆಯಲ್ಲಿ ಇವು ಎಲ್ಲಿಂದ ಬರುತ್ತವೆ? ಯೋನಿಯಿಂದ ಅಂತ ಬಹಳ ಜನ ತಿಳಿದಿದ್ದಾರೆ. 2019ರಲ್ಲಿ ಬ್ರಿಟನ್ನಿನಲ್ಲಿ 596 ಮಕ್ಕಳ ಮಲ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಬೇರೆಯದನ್ನೇ ತೋರಿಸಿತು. ಮಗುವಿನ ಕರುಳಿನಲ್ಲಿ ನೆಲೆ ನಿಂತದ್ದು ಮುಖ್ಯವಾಗಿ ತಾಯಿಯ ಕರುಳಿನ ಬ್ಯಾಕ್ಟೀರಿಯಾ. ಕೇಳಲು ಮುಜುಗರ ಅನಿಸಬಹುದು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಮಲದ ಸಣ್ಣ ಅಂಶ ಮಗುವಿನ ಬಾಯಿ ಸೇರುತ್ತದೆ. ಅದರಲ್ಲೇ ಇವು ಇರುತ್ತವೆ.

ಪುಟ್ಟಿಗೆ ತಪ್ಪಿದ್ದು ಇದೇ. ಬ್ರಿಟನ್ನಿನ ಸಿಸೇರಿಯನ್ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ತೀರಾ ಕಡಿಮೆ ಇತ್ತು. ಅದರ ಜಾಗದಲ್ಲಿ ಆಸ್ಪತ್ರೆಯ ವಾತಾವರಣದಲ್ಲಿ ಸಿಗುವ ಎಂಟರೋಕಾಕಸ್, ಕ್ಲೆಬ್ಸಿಯೆಲ್ಲಾದಂಥವು ಜಾಸ್ತಿ ಇದ್ದವು. ಆದರೆ ಬೇರೆ ಆಹಾರ ಶುರುವಾಗಿ ಆರರಿಂದ ಒಂಬತ್ತು ತಿಂಗಳಾಗುವ ಹೊತ್ತಿಗೆ ಎರಡೂ ಗುಂಪುಗಳ ಅಂತರ ಬಹಳ ಮಟ್ಟಿಗೆ ಮುಚ್ಚಿಹೋಗಿತ್ತು. ಬ್ಯಾಕ್ಟೀರಾಯ್ಡಿಸ್ ಮಾತ್ರ ಹಿಂದೆ ಉಳಿದಿತ್ತು.

ಹಾಗಾದರೆ ತಾಯಿಯ ಯೋನಿಯ ದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿಗೆ ಒರೆಸಿದರೆ? ಇಂಟರ್ನೆಟ್‌ನಲ್ಲಿ ಈ ಸಲಹೆ ಓಡಾಡುತ್ತಿದೆ. ಸುಮ್ನೆ ಮಾಡಬೇಡಿ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಸಂಶೋಧನೆಯ ಹೊರಗೆ ಇದು ಬೇಡ ಎಂದು ಹೇಳಿದೆ. ತಾಯಿಗೇ ಗೊತ್ತಿಲ್ಲದ ಹರ್ಪಿಸ್ ಅಥವಾ ಗುಂಪು ಬಿ ಸ್ಟ್ರೆಪ್ಟೋಕಾಕಸ್ ಸೋಂಕು ಇದ್ದರೆ ಅದು ಮಗುವಿನ ಜೀವಕ್ಕೇ ಕುತ್ತು. ಸಾಲದ್ದಕ್ಕೆ ಬೇಕಾದ ಬ್ಯಾಕ್ಟೀರಿಯಾ ಇರುವುದು ಅಲ್ಲಿ ಅಲ್ಲವೇ ಅಲ್ಲ.

ಹಂತ 2: ಮೊದಲ ಗಂಟೆಯನ್ನು ಬಿಟ್ಟುಕೊಡಬೇಡಿ

ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಅಲ್ಲೇ ಎದೆಯ ಮೇಲೆ ಮಲಗಿಸಬಹುದು. ಇದನ್ನು ಆಪರೇಷನ್‌ಗೆ ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ. ಒಂದು ಗಂಟೆಯೊಳಗೆ ಮೊಲೆ ಹಿಡಿಸಲು ಸಹಾಯ ಕೇಳಿ. ಮಗುವಿಗೆ ಒಂದು ದಿನವಾದರೂ ಸ್ನಾನ ಮಾಡಿಸಬೇಡಿ.

ಸಿಸೇರಿಯನ್ ನಂತರ ಹಾಲು ತುಂಬಿ ಬರುವುದು ಸ್ವಲ್ಪ ತಡವಾಗಬಹುದು. ಮನೆಯವರು ಗಾಬರಿಯಾಗುವುದು ಇಲ್ಲೇ. "ಹಾಲೇ ಇಲ್ಲ, ಡಬ್ಬಿ ಹಾಲು ತನ್ನಿ" ಎನ್ನುತ್ತಾರೆ. ಆದರೆ ಮೊದಲ ದಿನ ಪುಟ್ಟಿಗೆ ಒಂದು ಸಲಕ್ಕೆ ಬೇಕಾಗುವುದು ಒಂದೆರಡು ಚಮಚ ಗಿಣ್ಣುಹಾಲು, ಅಷ್ಟೇ. ಮೊಲೆ ಹಿಡಿಯದಿದ್ದರೆ ಕೈಯಿಂದ ಹಿಂಡಿ ಚಮಚದಲ್ಲಿ ಕುಡಿಸಿ. ತೂಕ ತುಂಬಾ ಇಳಿದರೆ, ಸಕ್ಕರೆ ಅಂಶ ಕಡಿಮೆಯಾದರೆ ಡಾಕ್ಟರೇ ಬೇರೆ ಹಾಲು ಹೇಳುತ್ತಾರೆ. ಆಗ ಹಟ ಹಿಡಿಯಬೇಡಿ.

ಜೇನುತುಪ್ಪ ನೆಕ್ಕಿಸುವುದಂತೂ ಬೇಡವೇ ಬೇಡ. ಜೇನಿನಲ್ಲಿ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲು ಅಲ್ಲಿರುವ ಬ್ಯಾಕ್ಟೀರಿಯಾ ಬಿಡುವುದಿಲ್ಲ. ಹಸುಗೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಇಲ್ಲ. ಅವು ಮೊಳೆತು ವಿಷ ಬಿಟ್ಟರೆ ಮಗುವಿನ ಸ್ನಾಯುಗಳೇ ಸಡಿಲವಾಗುತ್ತವೆ. ಒಂದು ವರ್ಷ ತುಂಬುವವರೆಗೂ ಜೇನು ಬೇಡ ಎನ್ನುವುದಕ್ಕೆ ಕಾರಣ ಇದು.

ಹಂತ 3: ಹಾಲೇ ಮುಖ್ಯ ಔಷಧಿ

ಉಳಿದೆಲ್ಲ ಹಂತಗಳನ್ನು ಮರೆತರೂ ಇದನ್ನು ಮರೆಯಬಾರದು.

ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಹೆಚ್ಚು ಇರುವ ಘನವಸ್ತು ಪ್ರೋಟೀನ್ ಅಲ್ಲ, ಆಲಿಗೋಸ್ಯಾಕರೈಡ್ ಎಂಬ ಒಂದು ಬಗೆಯ ಸಕ್ಕರೆಗಳು. ಒಂದು ಲೀಟರ್ ಹಾಲಿಗೆ 5ರಿಂದ 15 ಗ್ರಾಂ. ಗಿಣ್ಣುಹಾಲಿನಲ್ಲಿ ಇನ್ನೂ ಜಾಸ್ತಿ. ವಿಚಿತ್ರವೆಂದರೆ ಮಗುವಿಗೆ ಇವನ್ನು ಅರಗಿಸಿಕೊಳ್ಳಲು ಆಗುವುದೇ ಇಲ್ಲ. ಇವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಬಾಣಂತಿಯ ದೇಹ ಇಷ್ಟು ಕಷ್ಟಪಟ್ಟು ಇವನ್ನು ಯಾಕೆ ತಯಾರಿಸುತ್ತದೆ? ಇವು ಮುಖ್ಯವಾಗಿ ಬ್ಯಾಕ್ಟೀರಿಯಾಗಳ ಊಟ.

ಇವನ್ನು ಚೆನ್ನಾಗಿ ತಿನ್ನಬಲ್ಲದ್ದು ಬಿಫಿಡೋಬ್ಯಾಕ್ಟೀರಿಯಂ. ಅದರಲ್ಲೂ ಇನ್‌ಫ್ಯಾಂಟಿಸ್ ಎಂಬ ತಳಿ. ಇದಕ್ಕೆ ಈ ಸಕ್ಕರೆಗಳನ್ನು ಒಳಗೆಳೆದುಕೊಂಡು ಒಡೆಯಲು ಬೇಕಾದ ವಂಶವಾಹಿಗಳ ಪೂರ್ತಿ ಗುಂಪೇ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳು ಇದರ ಜೀನೋಮ್ ಬಿಡಿಸಿದಾಗ ಇದು ಗೊತ್ತಾಯಿತು. ತಿಂದ ಮೇಲೆ ಇದು ಅಸಿಟೇಟ್, ಲ್ಯಾಕ್ಟೇಟ್ ಎಂಬ ಆಮ್ಲಗಳನ್ನು ಬಿಡುತ್ತದೆ. ಕರುಳು ಹುಳಿಯಾಗುತ್ತದೆ. ಆ ಹುಳಿಯಲ್ಲಿ ಕ್ಲೆಬ್ಸಿಯೆಲ್ಲಾದಂಥವು ಚೆನ್ನಾಗಿ ಬೆಳೆಯಲಾರವು. ಪುಟ್ಟಿ ಆಸ್ಪತ್ರೆಯಿಂದ ಹೊತ್ತು ತಂದವುಗಳನ್ನು ಹಿಂದೆ ತಳ್ಳುವ ದಾರಿ ಇದೇ.

ಈ ತಳಿ ಬಾಂಗ್ಲಾದೇಶದ ಹಸುಗೂಸುಗಳಲ್ಲಿ ಸಾಮಾನ್ಯ, ಅಮೆರಿಕದ ಮಕ್ಕಳಲ್ಲಿ ಅಪರೂಪ. ಎದೆಹಾಲು ಕುಡಿದರೂ ತಿನ್ನುವ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಸಕ್ಕರೆ ಡಯಾಪರ್‌ಗೆ ಹೋಗುತ್ತದೆ, ಅಷ್ಟೇ.

ದೊಡ್ಡವರಿಗೆ ಬ್ಯಾಕ್ಟೀರಿಯಾದಲ್ಲಿ ಬಗೆ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುತ್ತಾರೆ. ಆರು ತಿಂಗಳೊಳಗಿನ ಮಗುವಿಗೆ ಈ ಲೆಕ್ಕ ಉಲ್ಟಾ. ಎದೆಹಾಲಿನ ಮಗುವಿನಲ್ಲಿ ಬಗೆ ಕಡಿಮೆ, ಬಿಫಿಡೋ ಒಂದೇ ಮೇಲುಗೈ. ಡಬ್ಬಿ ಹಾಲಿನ ಮಗುವಿನಲ್ಲಿ ಬಗೆ ಜಾಸ್ತಿ, ಬೇಗ ದೊಡ್ಡವರ ಹಾಗಾಗುತ್ತದೆ. ಹಾಗಾಗಿ ಯಾರಾದರೂ ಮಗುವಿನ ಮಲ ಪರೀಕ್ಷೆ ಮಾಡಿಸಿ "ವೈವಿಧ್ಯ ಕಡಿಮೆ ಇದೆ" ಎಂದು ಹೆದರಿಸಿದರೆ ನಂಬಬೇಡಿ. ನನ್ನನ್ನು ಕೇಳಿದರೆ ಆ ಪರೀಕ್ಷೆಗೆ ದುಡ್ಡು ಹಾಕುವುದೇ ದಂಡ.

ಹಾಲು ನಿಜವಾಗಿಯೂ ಸಾಲದಿದ್ದರೆ ಡಬ್ಬಿ ಹಾಲು ಸೇರಿಸಿ, ಆದರೆ ಎದೆಹಾಲನ್ನು ಪೂರ್ತಿ ನಿಲ್ಲಿಸಬೇಡಿ. ಕುಡಿದಷ್ಟು ಎದೆಹಾಲಿನ ಸಕ್ಕರೆ ಕರುಳಿಗೆ ಸಿಗುತ್ತದೆ. ಈಗ ಕೆಲವು ಡಬ್ಬಿಗಳಲ್ಲಿ ಈ ಸಕ್ಕರೆಗಳ ಒಂದೆರಡು ಬಗೆ ಬೆರೆಸಿರುತ್ತಾರೆ. ತಾಯಿಯ ಹಾಲಿನಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ.

ಹಂತ 4: ಆ್ಯಂಟಿಬಯೋಟಿಕ್ ಬಂದಾಗ ಏನು ಕೇಳಬೇಕು

ಪುಟ್ಟಿಗೆ ಮೊದಲ ಆ್ಯಂಟಿಬಯೋಟಿಕ್ ಸಿಗುವುದು ಹುಟ್ಟುವ ಮೊದಲೇ. ಹೊಟ್ಟೆ ಕೊಯ್ಯುವ ಮುಂಚೆ ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಅದು ಮಾಸುವಿನ ಮೂಲಕ ಮಗುವಿಗೂ ಹೋಗುತ್ತದೆ. ಬೇಡ ಎನ್ನಬೇಡಿ. ತಾಯಿಯ ಗರ್ಭಕೋಶದ ಸೋಂಕು, ಹೊಲಿಗೆಯ ಕೀವು ತಪ್ಪುವುದು ಅದರಿಂದಲೇ.

ಎರಡನೇ ದಿನ ಪುಟ್ಟಿ ಜೋರಾಗಿ ಉಸಿರಾಡುತ್ತಿದ್ದಾಳೆ ಅಂದುಕೊಳ್ಳಿ. ರಕ್ತದ ಸೋಂಕಿರಬಹುದು ಎಂದು ಎನ್‌ಐಸಿಯು ಎಂಬ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ ಸೇರಿಸಿ ಆಂಪಿಸಿಲಿನ್, ಜೆಂಟಮೈಸಿನ್ ಶುರು ಮಾಡುತ್ತಾರೆ. ಇದಕ್ಕೂ ಅಡ್ಡ ಬರಬೇಡಿ. ಹಸುಗೂಸಿಗೆ ಸೋಂಕು ಗಂಟೆಗಳಲ್ಲಿ ಏರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಇದು: "ಬ್ಲಡ್ ಕಲ್ಚರ್ ರಿಪೋರ್ಟ್ ಯಾವಾಗ ಬರುತ್ತೆ ಡಾಕ್ಟ್ರೇ? ನೆಗೆಟಿವ್ ಬಂದರೆ ಔಷಧಿ ನಿಲ್ಲಿಸ್ತೀರಾ?" ಬ್ಲಡ್ ಕಲ್ಚರ್ ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ. ಎರಡು ದಿನದಲ್ಲಿ ಏನೂ ಬೆಳೆಯದೆ, ಮಗುವೂ ಚುರುಕಾಗಿದ್ದರೆ ಸಾಮಾನ್ಯವಾಗಿ ನಿಲ್ಲಿಸಬಹುದು. ಬರೀ ಮುಂಜಾಗ್ರತೆಗೆ ಅಂತ ಏಳು ದಿನ ಎಳೆಯುವುದರಿಂದ ನಷ್ಟವೇ ಜಾಸ್ತಿ.

ಯಾವ ಔಷಧಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮೊದಲ ವಾರವೇ ಆ್ಯಂಟಿಬಯೋಟಿಕ್ ಬೇಕಾದ ಮಕ್ಕಳಿಗೆ ಚೀಟಿ ಎತ್ತಿದ ಹಾಗೆ ಮೂರು ಬೇರೆ ಜೋಡಿಗಳನ್ನು ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಮೂರರಲ್ಲೂ ಬಿಫಿಡೋ ಕುಸಿಯಿತು. ಪೆನಿಸಿಲಿನ್–ಜೆಂಟಮೈಸಿನ್ ಜೋಡಿಯಲ್ಲಿ ಹಾನಿ ಎಲ್ಲಕ್ಕಿಂತ ಕಡಿಮೆ, ಅಮಾಕ್ಸಿಸಿಲಿನ್–ಸೆಫೊಟಾಕ್ಸಿಮ್ ಜೋಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಔಷಧಿಯ ಗುರುತು ವರ್ಷ ತುಂಬಿದಾಗಲೂ ಪೂರ್ತಿ ಅಳಿದಿರಲಿಲ್ಲ.

ಎನ್‌ಐಸಿಯುನಲ್ಲಿ ಇದ್ದಷ್ಟು ದಿನವೂ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕಳಿಸುತ್ತಿರಿ. ತಾಯಿ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದಾಳೆ ಅಂತ ಹಾಲು ನಿಲ್ಲಿಸುವವರೂ ಇದ್ದಾರೆ. ಬಾಣಂತಿಗೆ ಮಾಮೂಲಾಗಿ ಕೊಡುವ ಔಷಧಿಗಳಲ್ಲಿ ಅದರ ಅಗತ್ಯ ಇರುವುದಿಲ್ಲ. ಅನುಮಾನ ಬಂದರೆ ಔಷಧಿಯ ಹೆಸರು ಹೇಳಿ ಡಾಕ್ಟರನ್ನು ಕೇಳಿ.

ಮನೆಗೆ ಬಂದ ಮೇಲಿನ ನೆಗಡಿ, ನೀರು ಭೇದಿಗಳಲ್ಲಿ ಬಹುಪಾಲು ವೈರಸ್‌ನವು. ಭೇದಿಗೆ ಓಆರ್‌ಎಸ್, ಝಿಂಕ್, ಎದೆಹಾಲು. ಅಕ್ಕನ ಮಗುವಿಗೆ ತಂದು ಉಳಿದ ಆ್ಯಂಟಿಬಯೋಟಿಕ್ ಡ್ರೈ ಸಿರಪ್ ಬಾಟಲಿಯನ್ನು ಚೆಲ್ಲಿಬಿಡಿ. ಆದರೆ ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ.

ಪ್ರೋಬಯೋಟಿಕ್ ಹನಿ ಹಾಕಬಹುದಾ?

ಪ್ರೋಬಯೋಟಿಕ್ ಅಂದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಔಷಧಿಯ ಹಾಗೆ ಬಾಯಿಗೆ ಕೊಡುವುದು. ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ನಮ್ಮ ದೇಶದಲ್ಲೇ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಆಹಾರದ ಸಕ್ಕರೆಯ ಜೊತೆ ಏಳು ದಿನ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶದಲ್ಲಿ, ರಕ್ತದ ಸೋಂಕು ಅಥವಾ ಸಾವು ಶೇ 9ರಿಂದ ಶೇ 5.4ಕ್ಕೆ ಇಳಿದಿತ್ತು. ಆದರೆ ಅದು ಒಂದು ತಳಿಯ ಫಲಿತಾಂಶ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬೇರೆ ತಳಿಯ ಪುಡಿಗೆ ಅದು ಅನ್ವಯಿಸುವುದಿಲ್ಲ. ದಿನ ತುಂಬದೆ ಹುಟ್ಟಿದ ಮಗುವಿಗಂತೂ ಡಾಕ್ಟರ ನಿಗಾ ಇಲ್ಲದೆ ಕೊಡಲೇಬಾರದು. ಅಂಥ ಮಕ್ಕಳಲ್ಲಿ ಹನಿಯ ಬ್ಯಾಕ್ಟೀರಿಯಾವೇ ರಕ್ತ ಸೇರಿದ ಪ್ರಕರಣಗಳಿವೆ. 2023ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಎಚ್ಚರಿಸಿತು.

ಹಂತ 5: ಆರು ತಿಂಗಳ ನಂತರ

ರಾಗಿ ಸರಿ, ಬೇಳೆ ಕಟ್ಟು, ಬೇಯಿಸಿದ ತರಕಾರಿ ಶುರುವಾದ ಮೇಲೆ ನಾರು ತಿನ್ನುವ ಬ್ಯಾಕ್ಟೀರಿಯಾಗಳು ಬರುತ್ತವೆ. ಪುಟ್ಟಿಗೆ ತಪ್ಪಿದ್ದ ಬ್ಯಾಕ್ಟೀರಾಯ್ಡಿಸ್ ಕೂಡ ಬರಲು ಇದು ಸಮಯ. ಈಗ ಮಾತ್ರ ಬಗೆ ಹೆಚ್ಚುವುದು ಒಳ್ಳೆಯದು. ಒಂದೇ ಸರಿಯನ್ನು ತಿಂಗಳುಗಟ್ಟಲೆ ತಿನ್ನಿಸದೆ ವಾರಕ್ಕೊಂದು ಹೊಸದು ಸೇರಿಸಿ. ಎದೆಹಾಲು ಮುಂದುವರಿಸಿ, ಏಕೆಂದರೆ ಕರುಳು ದೊಡ್ಡವರ ಹಾಗೆ ಬದಲಾಗುವುದಕ್ಕೆ ಊಟ ಶುರುವಾಗಿದ್ದಕ್ಕಿಂತ ಎದೆಹಾಲು ನಿಂತಿದ್ದೇ ದೊಡ್ಡ ಕಾರಣ ಎಂದು ಅಧ್ಯಯನಗಳು ಹೇಳುತ್ತವೆ.

ಈ ತಿಂಗಳುಗಳು ಯಾಕೆ ಮುಖ್ಯ ಎನ್ನುವುದಕ್ಕೆ ಡೆನ್ಮಾರ್ಕ್‌ನ 700 ಮಕ್ಕಳ ಅಧ್ಯಯನ ನೋಡಿ. ಸಿಸೇರಿಯನ್ ಮಕ್ಕಳೆಲ್ಲರಿಗೂ ಅಸ್ತಮಾ ಅಪಾಯ ಹೆಚ್ಚಿರಲಿಲ್ಲ. ವರ್ಷ ತುಂಬಿದಾಗಲೂ ಕರುಳಿನ ಬ್ಯಾಕ್ಟೀರಿಯಾದಲ್ಲಿ ಸಿಸೇರಿಯನ್‌ನ ಗುರುತು ಉಳಿದವರಲ್ಲಿ ಮಾತ್ರ ಹೆಚ್ಚು ಕಂಡಿತು. ಒಂದರಿಂದಲೇ ಇನ್ನೊಂದು ಬಂತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ವರ್ಷದೊಳಗೆ ಸರಿಹೋದ ಮಕ್ಕಳು ಮಾಮೂಲಿ ಹೆರಿಗೆಯ ಮಕ್ಕಳ ಹಾಗೇ ಇದ್ದರು.

ಮಲ ನೋಡಿ ಬ್ಯಾಕ್ಟೀರಿಯಾ ಹೇಗಿದೆ ಎಂದು ಹೇಳಲಾಗದು. ಎದೆಹಾಲಿನ ಮಗು ದಿನಕ್ಕೆ ಎಂಟು ಸಲ ಹೋದರೂ, ಒಂದೂವರೆ ತಿಂಗಳ ನಂತರ ವಾರಕ್ಕೊಮ್ಮೆ ಹೋದರೂ, ಮಲ ಮೆತ್ತಗಿದ್ದು ತೂಕ ಏರುತ್ತಿದ್ದರೆ ಸರಿಯೇ. ಮಲ ಬಿಳಿ ಸುಣ್ಣದ ಹಾಗಿದ್ದರೆ, ರಕ್ತ ಕಂಡರೆ, ಅಥವಾ ವಾಂತಿ ಹಸಿರಾಗಿದ್ದರೆ ಅದು ಬೇರೆಯೇ ಕಾಯಿಲೆಯ ಸೂಚನೆ. ಅದೇ ದಿನ ಡಾಕ್ಟರಿಗೆ ತೋರಿಸಿ.