ಫೋಟೋದಲ್ಲಿ ಬಂದ ಅಜ್ಜಿಯ ವಯಸ್ಸಿನ ಲೆಕ್ಕ

ಅಕ್ಕನ ಮಗಳು ಕುಮಟಾದಲ್ಲಿ ಹತ್ತನೇ ತರಗತಿ ಓದುತ್ತಾಳೆ. ನಾನು ಶಿರಸಿಯಲ್ಲಿ ಮನೆಯಲ್ಲೇ ಪ್ರೌಢಶಾಲೆ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಲೆಕ್ಕ ಎಲ್ಲಾದರೂ ಸಿಕ್ಕಿಕೊಂಡರೆ ಅವಳು ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಕಳೆದ ಮಳೆಗಾಲದ ಒಂದು ಸಂಜೆ ಬಂದದ್ದು ವಯಸ್ಸಿನ ಲೆಕ್ಕ. ಜೊತೆಗೆ ಒಂದೇ ಸಾಲು: "ಚಿಕ್ಕಿ, ಇದು ಬರ್ತಾ ಇಲ್ಲ."

ಜೆರಾಕ್ಸ್ ಹಾಳೆ, ನಡುವೆ ಮಡಚಿದ ಗೆರೆ, ಕರೆಂಟ್ ಹೋಗಿದ್ದರಿಂದ ಟಾರ್ಚ್ ಬೆಳಕಲ್ಲಿ ತೆಗೆದ ಚಿತ್ರ. ನಾನು ಓದಿಕೊಂಡದ್ದು ಹೀಗೆ: ಅಜ್ಜಿಯ ವಯಸ್ಸು ಮೊಮ್ಮಗಳ ವಯಸ್ಸಿನ 6 ಪಟ್ಟು ಇದೆ. 3 ವರ್ಷಗಳ ನಂತರ ಅಜ್ಜಿಯ ವಯಸ್ಸು ಮೊಮ್ಮಗಳ ವಯಸ್ಸಿನ 4 ಪಟ್ಟು ಆಗುತ್ತದೆ. ಇಬ್ಬರ ಈಗಿನ ವಯಸ್ಸೆಷ್ಟು?

ಬಿಡಿಸಿದೆ. ಮೊಮ್ಮಗಳಿಗೆ ನಾಲ್ಕೂವರೆ ವರ್ಷ, ಅಜ್ಜಿಗೆ 27 ವರ್ಷ ಬಂತು. ಸಮೀಕರಣದಲ್ಲಿ ತಪ್ಪಿರಲಿಲ್ಲ, ಎರಡು ಸಲ ನೋಡಿದೆ. ಆದರೆ 27ಕ್ಕೆ ಯಾರೂ ಅಜ್ಜಿಯಾಗುವುದಿಲ್ಲ. ಹಾಗಾದರೆ ತಪ್ಪು ನಾನು ಓದಿದ್ದರಲ್ಲೇ ಇರಬೇಕು. ಅವಳಿಗೆ ಫೋನ್ ಮಾಡಿ, "ಹಾಳೆ ನೋಡಿ ನಿಧಾನ ಓದು" ಎಂದೆ. "ಎಂಟು ವರ್ಷಗಳ ನಂತರ" ಎಂದಳು. ಮಡಚಿದ ಗೆರೆ 8ರ ಎಡಭಾಗವನ್ನು ನುಂಗಿತ್ತು. ನನ್ನ ಕಣ್ಣಿಗೆ ಉಳಿದದ್ದು 3.

ಆಮೇಲಿಂದ ಫೋಟೋ ಬಂದರೆ ಮೊದಲು ಪ್ರಶ್ನೆಯನ್ನು ನನ್ನ ವಹಿಯಲ್ಲಿ ಬರೆದುಕೊಂಡು, ಅದರಲ್ಲಿನ ಸಂಖ್ಯೆಗಳನ್ನೂ "ಹಿಂದೆ", "ನಂತರ" ಎಂಬ ಪದಗಳನ್ನೂ ಅವಳಿಂದ ಒಮ್ಮೆ ಬಾಯಲ್ಲಿ ಹೇಳಿಸುತ್ತೇನೆ. ಅಂಚಿನಲ್ಲಿ ಕತ್ತರಿಸಿ ಹೋಗುವುದು ಹೆಚ್ಚಾಗಿ ಈ ಪದಗಳೇ. ಅದೊಂದು ಪದ ಹೋದರೆ ಕೂಡಿಸಬೇಕೋ ಕಳೆಯಬೇಕೋ ಎಂಬುದೇ ಗೊತ್ತಾಗುವುದಿಲ್ಲ.

ಅವಳು ಎಲ್ಲಿ ಎಡವಿದಳೆಂದು ತಿಳಿಯಲು, ಮಾಡಿದ್ದನ್ನೂ ಕಳಿಸು ಎಂದೆ. ಹಾಳೆಯ ಮೇಲ್ಗಡೆಯೇ ನೇರ ಸಮೀಕರಣ: `6y + 8 = 4y`. ಕೆಳಗೆ `y = -4`, ಅದರ ಸುತ್ತ ಪೆನ್ಸಿಲಿನಿಂದ ಸುತ್ತಿ ಸುತ್ತಿ ಹಾಕಿದ ವೃತ್ತ. ಅಜ್ಜಿಯನ್ನು ಎಂಟು ವರ್ಷ ಮುಂದೆ ಕಳಿಸಿದ್ದಳು, ಮೊಮ್ಮಗಳನ್ನು ಇಲ್ಲೇ ಬಿಟ್ಟಿದ್ದಳು. ಇದು ಬೀಜಗಣಿತ ಬಾರದ ತಪ್ಪಲ್ಲ. `y` ಎಂದರೆ ಯಾರ ವಯಸ್ಸು, ಯಾವಾಗಿನ ವಯಸ್ಸು ಎಂದು ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದ್ದರಿಂದ ನಡುವೆಯೇ ಅದರ ಅರ್ಥ ಬದಲಾಗಿತ್ತು.

ಸಮೀಕರಣ ಮುಟ್ಟಬೇಡ, ಮೊದಲು ಇಷ್ಟು ಬರೆ ಎಂದೆ:

```
              ಈಗ      8 ವರ್ಷದ ನಂತರ
ಅಜ್ಜಿ           x        x + 8
ಮೊಮ್ಮಗಳು       y        y + 8
```

ನಾಲ್ಕು ಮನೆ, ನಾಲ್ಕೂ ತುಂಬಲೇಬೇಕು. ಪ್ರಶ್ನೆಯಲ್ಲಿ ಇನ್ನೂ "ಪಟ್ಟು" ಎಂಬ ಮಾತಿಗೆ ಬಂದಿಲ್ಲ. ಕಾಲ ಇಬ್ಬರಿಗೂ ಒಂದೇ ಸಮ ಸರಿಯುತ್ತದೆ ಎಂಬುದಷ್ಟೇ ಇಲ್ಲಿರುವುದು. ಇದಾದ ಮೇಲೆ ಪ್ರಶ್ನೆಯ ಒಂದೊಂದು ವಾಕ್ಯಕ್ಕೂ ಒಂದೊಂದು ಕಂಬಸಾಲು. ಮೊದಲ ವಾಕ್ಯ ಈಗಿನದು, ಹಾಗಾಗಿ "ಈಗ" ಎಂಬ ಕಂಬಸಾಲಿನಿಂದ ಮಾತ್ರ ತೆಗೆದುಕೊಳ್ಳಬೇಕು: `x = 6y`. ಎರಡನೆಯದು ನಂತರದ್ದು, ಎರಡನೇ ಕಂಬಸಾಲಿನಿಂದ ಮಾತ್ರ: `x + 8 = 4(y + 8)`. ಒಂದೇ ಸಮೀಕರಣದಲ್ಲಿ ಎರಡೂ ಕಂಬಸಾಲಿನ ಪದಗಳು ಬೆರೆತರೆ ಅಲ್ಲೇ ನಿಲ್ಲಬೇಕು. ಅವಳ `6y + 8 = 4y` ಹೀಗೇ ಬೆರೆತದ್ದು.

ಯಾವ ಕಡೆಗೆ ಗುಣಿಸಬೇಕು ಎಂಬ ಗೊಂದಲಕ್ಕೆ ನಮ್ಮ ಭಾಷೆಯೇ ಉತ್ತರ ಕೊಡುತ್ತದೆ. "ಮೊಮ್ಮಗಳ ವಯಸ್ಸಿನ 6 ಪಟ್ಟು" ಎಂಬಲ್ಲಿ "ವಯಸ್ಸಿನ" ಎಂದು ಯಾರಿಗೆ ಬಂದಿದೆಯೋ ಅವರನ್ನೇ ಗುಣಿಸುವುದು. ಪುಸ್ತಕದಲ್ಲಿ "ಆರರಷ್ಟು" ಎಂದಿದ್ದರೂ ಇದೇ. `6x = y` ಎಂದು ತಿರುಗಿಸಿ ಬರೆಯುವ ಮಕ್ಕಳಿಗೆ ನಾನು ಆ "ನ"ಕಾರದ ಕೆಳಗೆ ಗೆರೆ ಎಳೆಸುತ್ತೇನೆ.

ಆದೇಶ ವಿಧಾನದಲ್ಲಿ `x` ಜಾಗಕ್ಕೆ `6y` ಹಾಕಿದಳು. ಐದು ನಿಮಿಷದಲ್ಲಿ ಮತ್ತೆ ಫೋಟೋ: `y = 0`. ಈ ಸೊನ್ನೆ ಎಲ್ಲಿಂದ ಬಂತೆಂದು ನೋಡದೇ ಹೇಳಬಹುದಿತ್ತು. ಆವರಣ ಬಿಟ್ಟು `6y + 8 = 4y + 8` ಎಂದು ಬರೆದಿದ್ದಾಳೆ, ಎರಡೂ ಕಡೆಯ 8 ಹೊಡೆದುಹೋಗಿದೆ. ನಾಲ್ಕು ಪಟ್ಟಾಗುವುದು ಎಂಟು ವರ್ಷ ಸೇರಿದ ಮೇಲಿನ ವಯಸ್ಸು, ಆದ್ದರಿಂದ 8 ಕೂಡ ನಾಲ್ಕು ಪಟ್ಟಾಗಬೇಕು:

```
6y + 8 = 4y + 32
2y = 24
y = 12,  x = 72
```

ಎಂಟು ವರ್ಷದ ನಂತರ 80 ಮತ್ತು 20. ನಾಲ್ಕು ಪಟ್ಟು ಸರಿ. ಇಬ್ಬರ ಅಂತರ ಈಗಲೂ 60, ಆಗಲೂ 60.

ಸೊನ್ನೆ, ಋಣ ಸಂಖ್ಯೆ, 27ರ ಅಜ್ಜಿ, ಇವೆಲ್ಲ ತಾವೇ ಕೂಗಿ ಹೇಳುವ ತಪ್ಪುಗಳು. ನನಗೆ ಹೆಚ್ಚು ಚಿಂತೆ ಕೂಗದವುಗಳದ್ದು. ಇದೇ ಲೆಕ್ಕವನ್ನು ಮರುದಿನ ನನ್ನ ಟ್ಯೂಷನ್ ಮಕ್ಕಳಿಗೆ ಕೊಟ್ಟೆ. ಒಬ್ಬ ಹುಡುಗ ಮೊಮ್ಮಗಳಿಗೆ 8 ಕೂಡಿಸಿ ಅಜ್ಜಿಗೆ ಮರೆತ: `6y = 4(y + 8)`. ಉತ್ತರ 16 ಮತ್ತು 96. ಪೂರ್ಣ ಸಂಖ್ಯೆಗಳು, ಆರು ಪಟ್ಟೂ ಸರಿ, 96ರ ಅಜ್ಜಿಯೂ ನಮ್ಮೂರಲ್ಲಿ ಸಿಗುತ್ತಾರೆ. ಸಮೀಕರಣಕ್ಕೇ ಹಾಕಿ ತಾಳೆ ನೋಡಿದ, ಅದೂ ಸರಿ ಬಂತು, ಏಕೆಂದರೆ ಸಮೀಕರಣವೇ ತಪ್ಪಾಗಿತ್ತು. ತಾಳೆ ನೋಡಬೇಕಾದ್ದು ಪ್ರಶ್ನೆಯ ಮಾತಿಗೆ: ಎಂಟು ವರ್ಷದ ನಂತರ 104 ಮತ್ತು 24, 24ರ ನಾಲ್ಕು ಪಟ್ಟು 96, 104 ಅಲ್ಲ.

ಇನ್ನೊಬ್ಬಳು ಉತ್ತರ 20 ಎಂದಳು. ಅವಳು `y` ಎಂದರೆ ಎಂಟು ವರ್ಷದ ನಂತರದ ವಯಸ್ಸು ಎಂದುಕೊಂಡು `6(y - 8) + 8 = 4y` ಬರೆದಿದ್ದಳು. ಆ ಸಮೀಕರಣ ಪೂರ್ತಿ ಸರಿ. ಆದರೆ `y` ಏನೆಂದು ಬರೆದಿಟ್ಟಿರದ ಕಾರಣ ಕೊನೆಗೆ 8 ಕಳೆಯುವುದು ಮರೆತುಹೋಯಿತು. ಹಾಗಾಗಿ ನಾನು ಯಾವಾಗಲೂ ಅಕ್ಷರವನ್ನು ಈಗಿನ ವಯಸ್ಸಿಗೇ ಇಡಿಸುತ್ತೇನೆ. ಪ್ರಶ್ನೆ ಕೇಳುವುದು ಬಹುತೇಕ ಈಗಿನದನ್ನೇ.

ವಾರದ ಮೇಲೆ ಕುಮಟಾದಿಂದ ಮತ್ತೊಂದು ಫೋಟೋ. ಈ ಸಲ ಹಗಲು ಬೆಳಕಲ್ಲಿ, ಹಾಳೆ ಬಿಡಿಸಿಟ್ಟು ತೆಗೆದದ್ದು: ತಂದೆಯ ವಯಸ್ಸು ಇಬ್ಬರು ಮಕ್ಕಳ ವಯಸ್ಸುಗಳ ಮೊತ್ತದ 4 ಪಟ್ಟು, 6 ವರ್ಷಗಳ ನಂತರ ಆ ಮೊತ್ತದ 2 ಪಟ್ಟು. ಕೆಳಗೆ ಅವಳೇ ಮನೆಗಳನ್ನು ಹಾಕಿದ್ದಳು. ತಂದೆ `x`, ನಂತರ `x + 6`. ಮಕ್ಕಳ ಮೊತ್ತ `s`, ನಂತರ `s + 6`. ತಂದೆಗೆ 12 ವರ್ಷ ಬಂದದ್ದನ್ನು ಕಂಡು ಮುಂದೆ ಹೋಗದೆ ನಿಲ್ಲಿಸಿದ್ದಳು.

"ಮಕ್ಕಳು ಎಷ್ಟು ಜನ?" ಎಂದು ಮಾತ್ರ ಬರೆದೆ.

ಸ್ವಲ್ಪ ಹೊತ್ತಿಗೆ ಅದೇ ಹಾಳೆ ಬಂತು. `s + 6` ಹೊಡೆದುಹಾಕಿ ಪಕ್ಕದಲ್ಲಿ `s + 12`. ಕೆಳಗೆ `4s + 6 = 2(s + 12)`, ಮಕ್ಕಳ ಮೊತ್ತ 9, ತಂದೆಗೆ 36. ಅದರ ಕೆಳಗೆ, ನಾನು ಕೇಳದಿದ್ದರೂ, "6 ವರ್ಷ ಆದ್ಮೇಲೆ 42, 21" ಎಂದು ಬರೆದಿದ್ದಳು.