ಮೊದ್ಲು ದನಿ, ಆಮೇಲೆ ಮುಖ

ನಮ್ಮನೆ ತೀರ್ಥಹಳ್ಳಿ ಕಡೆ, ತೋಟದ ತಗ್ಗಲ್ಲಿ. ಜಗಲಿ ಮೂಲೆಯ ಕಿಟಕಿ ಹತ್ರ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಬರುತ್ತೆ, ಅಡುಗೆಮನೆಗೆ ಬಂದ್ರೆ ಅದೂ ಇಲ್ಲ. ಮಗ ಸೊಸೆ ಮೊಮ್ಮಗಳು ಇರೋದು ನ್ಯೂಜೆರ್ಸಿಯಲ್ಲಿ, ವಾರಕ್ಕೊಂದ್ಸಲ ವಾಟ್ಸಾಪ್‌ನಲ್ಲಿ ಮುಖ ನೋಡ್ಬೇಕು ಅಂದ್ರೆ ಇದೇ ಎರಡು ಕಡ್ಡಿಯಲ್ಲಿ ಆಗ್ಬೇಕು.

ಮುಂಚೆ ರಾತ್ರಿ ಊಟ ಆದ್ಮೇಲೆ ಮಾಡ್ತಿದ್ವಿ, ಒಂದಿನಾನೂ ಸರಿ ಬರ್ತಿರ್ಲಿಲ್ಲ. ಕಡ್ಡಿ ಎರಡು ತೋರ್ಸ್ತಾ ಇತ್ತಲ್ಲ ಅಂದ್ರೆ, ಆ ಕಡ್ಡಿ ಹೇಳೋದು ಟವರಿನ ಸಿಗ್ನಲ್ ಎಷ್ಟು ಬರ್ತಿದೆ ಅಂತ ಅಷ್ಟೇ, ಆ ಟವರ್ ಮೇಲೆ ಎಷ್ಟು ಜನ ಬಿದ್ದಿದ್ದಾರೆ ಅಂತ ಅಲ್ಲ, ಆ ಹೊತ್ತಲ್ಲಿ ಊರಿಗೆ ಊರೇ ವಿಡಿಯೋ ನೋಡ್ತಾ ಕೂತಿರುತ್ತೆ. ಈಗ ಬೆಳಗ್ಗೆ 6.30ಕ್ಕೆ ಮಾಡ್ತೀವಿ. ಅಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9 ಗಂಟೆ, ಚಳಿಗಾಲದಲ್ಲಿ ಅವರ ಗಡಿಯಾರ ಹಿಂದಕ್ಕೆ ಹಾಕ್ತಾರಲ್ಲ ಆಗ 8. ಪುಟ್ಟಿ ಮಲಗೋಕೆ ಮುಂಚೆ ಸಿಕ್ತಾಳೆ.

ಕೂರೋಕೆ ಮುಂಚೆ ಏರೋಪ್ಲೇನ್ ಮೋಡ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೀರಿ, ಫೋನು ಟವರನ್ನ ಹೊಸದಾಗಿ ಹುಡುಕ್ಕೊಳ್ಳುತ್ತೆ. ಹಾಟ್‌ಸ್ಪಾಟ್ ಆನ್ ಇದ್ರೆ ಆಫ್ ಮಾಡಿ, ನಮ್ಮನೆಯವರು ನನ್ನ ನೆಟ್ಟಲ್ಲಿ ಯಕ್ಷಗಾನ ನೋಡ್ತಾ ಕೂತಿದ್ದು ನಂಗೆ ಮೂರು ವಾರ ಆದ್ಮೇಲೆ ಗೊತ್ತಾಯ್ತು! ಫೋನನ್ನ ಅವಲಕ್ಕಿ ಡಬ್ಬಕ್ಕೆ ಒರಗಿಸಿ ಇಡಿ, ಕೈಯಲ್ಲಿ ಹಿಡ್ಕೊಂಡ್ರೆ ಅಂಗೈ ಕೆಳಗಡೆಯ ಮೈಕಿನ ತೂತು ಮುಚ್ಚುತ್ತೆ. ಹಿಂದೆ ಬರೀ ಗೋಡೆ ಇರ್ಲಿ, ಬೆಳಕು ಮುಖದ ಎದುರಿಂದ ಬರ್ಲಿ. ಹಿಂದೆ ಫ್ಯಾನ್ ತಿರುಗ್ತಿದ್ರೆ, ಗಿಡ ಅಲ್ಲಾಡ್ತಿದ್ರೆ ಅದನ್ನೂ ಕಳ್ಸೋಕೆ ಹೋಗಿ ಇರೋ ಚೂರು ನೆಟ್ ಅಲ್ಲೇ ಖರ್ಚಾಗುತ್ತೆ.

ಇನ್ನು ಮುಖ್ಯವಾದ್ದು. ಕ್ಯಾಮೆರಾ ಗುರುತು ಒತ್ತಬೇಡಿ, ಮೊದ್ಲು ಬರೀ ವಾಯ್ಸ್ ಕಾಲ್ ಮಾಡಿ. ಚಿತ್ರಕ್ಕೆ ಬೇಕಾದಷ್ಟು ನೆಟ್ಟಲ್ಲಿ ಸಣ್ಣ ಪಾಲು ಸಾಕು ದನಿಗೆ, ಅದೇ ಕಡಿದು ಕಡಿದು ಬಂದ್ರೆ ಚಿತ್ರದ ಆಸೆ ಅವತ್ತಿಗೆ ಬಿಡೋದೇ. ಎತ್ತಿದ ತಕ್ಷಣ ಎಲ್ರೂ "ಹಲೋ ಹಲೋ ಕೇಳ್ತಿದ್ಯಾ" ಅಂತ ಕೂಗ್ತಾರೆ, ಮಾತು ಅತ್ಲಾಗೆ ಹೋಗಿ ಬರೋಕೆ ಒಂದೆರಡು ಸೆಕೆಂಡ್ ಹಿಡಿಯೋದ್ರಿಂದ ಎರಡೂ ಕಡೆ ಹಲೋಗಳು ಡಿಕ್ಕಿ ಹೊಡೀತವೆ. ನಾನು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗ್ತೀನಿ, "ಇವತ್ತು ಏನು ಅಡುಗೆ ಮಗಾ?" ಅಂತ. ಅವನು "ಚಪಾತಿ ಮಾಡಿದ್ವಿ ಅಮ್ಮ" ಅಂದ್ರೆ ಹೋಗೋ ದಾರಿ ಬರೋ ದಾರಿ ಎರಡೂ ಸರಿ ಇದೆ ಅಂತ ಲೆಕ್ಕ. ಬರೀ "ಹ್ಞಾಂ ಹ್ಞಾಂ" ಅಂದ್ರೆ ನಂಬಬೇಡಿ. ನಿಮ್ಮ ಮಾತೇ ನಿಮಗೆ ವಾಪಸ್ ಕೇಳಿದ್ರೆ ತಪ್ಪು ಸಾಮಾನ್ಯವಾಗಿ ಅವರ ಕಡೆ, ಅವರ ಸ್ಪೀಕರ್ ದನಿ ಅವರದ್ದೇ ಮೈಕಿಗೆ ಹೋಗ್ತಿರುತ್ತೆ, ವಾಲ್ಯೂಮ್ ಇಳ್ಸೋಕೆ ಹೇಳಿ.

ದನಿ ಒಂದು ನಿಮಿಷ ಸರಿಯಾಗಿ ನಿಂತ್ಮೇಲೆ ಅದೇ ಕಾಲಲ್ಲಿ ಕ್ಯಾಮೆರಾ ಒತ್ತಿ, ಅತ್ಲಾಗಿನವರು ಒಪ್ಕೊಂಡ್ರೆ ವಿಡಿಯೋ ಆಗುತ್ತೆ, ಕಟ್ ಮಾಡಿ ಮತ್ತೆ ಹಚ್ಚೋದು ಬೇಡ. ಈಗ ಚಿತ್ರದ ಪರೀಕ್ಷೆ. ಮೂಲೆಯಲ್ಲಿ ಚಿಕ್ಕದಾಗಿ ನಮ್ಮ ಮುಖ ಕಾಣುತ್ತಲ್ಲ, ಅದು ಚೆನ್ನಾಗಿದೆ ಅಂತ ಖುಷಿ ಪಡಬೇಡಿ, ಅದು ನಮ್ಮ ಫೋನಿಂದಾನೇ ಬರೋದು, ನೆಟ್ ಇಲ್ಲದಿದ್ರೂ ಹಾಗೇ ಕಾಣುತ್ತೆ. ನಾನು ಮೂರು ಬೆರಳು ಎತ್ತಿ "ಪುಟ್ಟಿ, ಎಷ್ಟು?" ಅಂತೀನಿ, ಆಮೇಲೆ ಐದು. ಐದಕ್ಕೂ "ಮೂರು ಅಜ್ಜಿ" ಅಂದ್ರೆ ಚಿತ್ರ ಅಲ್ಲೇ ಕಲ್ಲಾಗಿ ನಿಂತಿದೆ ಅಂತ ಅರ್ಥ.

ಹೋದ ಭಾನುವಾರ ಮಳೆ, ಹಾಗೇ ಆಯ್ತು. ಅವರ ಮುಖ ನಮಗೆ ಚೆನ್ನಾಗೇ ಬರ್ತಿತ್ತು, ನಮ್ದು ಅವರಿಗೆ ನಿಂತೋಗಿತ್ತು. ಟವರಿಂದ ಬರೋ ಸಿಗ್ನಲ್‌ಗೆ ಇರೋ ಜೋರು ಈ ಪುಟಾಣಿ ಫೋನಿಂದ ಹೋಗೋದಕ್ಕೆ ಎಲ್ಲಿಂದ ಬರ್ಬೇಕು. ನಮ್ಮ ಕ್ಯಾಮೆರಾ ಮಾತ್ರ ಆಫ್ ಮಾಡ್ದೆ, ದನಿ ಮತ್ತೆ ಚೊಕ್ಕ ಆಯ್ತು, ಪುಟ್ಟಿ ಕುಣಿದಿದ್ದನ್ನ ಇಪ್ಪತ್ತು ನಿಮಿಷ ನೋಡಿದ್ವಿ. ಅವಳಿಗೆ ಅಜ್ಜಿ ಮುಖ ಬೇಕು ಅಂತ ಅಳು, ಕಾಲ್ ಮುಗಿದ್ಮೇಲೆ ಒಂದು ಫೋಟೋ ಕಳ್ಸಿದೆ.

ವಾಟ್ಸಾಪ್ ಸೆಟ್ಟಿಂಗ್ಸಲ್ಲಿ Storage and data ಒಳಗೆ Use less data for calls ಅಂತ ಇದೆ, ಅದನ್ನ ಆನ್ ಮಾಡಿಡಿ. ಚಿತ್ರ ಸ್ವಲ್ಪ ಮಬ್ಬಾಗುತ್ತೆ, ಆದ್ರೆ ಕಡಿಯೋದು ಕಮ್ಮಿ. ದನಿಯೂ ನಿಲ್ಲದಿದ್ರೆ ಕಟ್ ಮಾಡಿ ವಾಯ್ಸ್ ಮೆಸೇಜ್ ಹಾಕ್ಬಿಡಿ, ನೆಟ್ ಬಂದಾಗ ಅದೇ ಹೋಗುತ್ತೆ, ಅವರು ಬಸ್ಸಲ್ಲಿ ಹೋಗ್ತಾ ಕೇಳ್ಕೊಳ್ತಾರೆ.