ಟ್ರಂಕ್ ಇದ್ದೂ ವಿಲ್ಯಾನ್ ಮಹಡಿ ದಾಟದಿದ್ದರೆ

ಮುಂಬಯಿಯ ಉಪನಗರಗಳಲ್ಲಿ ನಮ್ಮವರು ನಡೆಸುವ ಹೋಟೆಲ್ ಕಟ್ಟಡಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಕೆಳಗೆ ಹೋಟೆಲ್, ಮೊದಲ ಮಹಡಿಯಲ್ಲಿ ಎ.ಸಿ. ಹಾಲ್, ಅದರ ಮೇಲೆ ಲಾಡ್ಜ್. ಮಹಡಿಗೊಂದು ಸ್ವಿಚ್. ಒಂದೇ ಜಾಲವನ್ನು ಬೇರೆ ಬೇರೆ ಭಾಗ ಮಾಡುವ ವಿಲ್ಯಾನ್‌ಗಳಲ್ಲಿ ಬಿಲ್ಲಿಂಗ್‌ಗೆ 10, ಗಿರಾಕಿಗಳ ವೈಫೈಗೆ 20. ಆಮೇಲೆ ಒಂದು ದಿನ ಕ್ಯಾಮೆರಾಗಳಿಗೆಂದು 30 ಸೇರಿಸುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿಂದ. ಮುಲುಂಡಿನ ಇಂಥದೇ ಕಟ್ಟಡದಿಂದ ಮಾಲೀಕರ ಫೋನ್ ಬಂತು: "ಲಾಡ್ಜಿನ ಕ್ಯಾಮೆರಾದಲ್ಲಿ ಲೈಟ್ ಉಂಟು ಮಾರಾಯ್ರೇ, ಗಲ್ಲೆಯ ಟಿವಿಯಲ್ಲಿ ಮಾತ್ರ ಚಿತ್ರ ಇಲ್ಲ." ಅದೇ ಕೆಲಸವನ್ನು ಇಟ್ಟುಕೊಂಡು ಹೇಳುತ್ತೇನೆ, ಏಕೆಂದರೆ ನೆಟ್‌ವರ್ಕ್ ಕೆಲಸದ ಹುಡುಗರು ಎಡವುವ ಜಾಗಗಳೆಲ್ಲ ಅದರಲ್ಲಿದ್ದವು.

ಮೊದಲು ಇಷ್ಟು ತಿಳಿದಿರಲಿ. ಕ್ಯಾಮೆರಾ, ಬಿಲ್ಲಿಂಗ್ ಯಂತ್ರಗಳಿಗೆ ಸಾಮಾನ್ಯವಾಗಿ ವಿಲ್ಯಾನ್ ಎಂದರೇನೆಂದೇ ಗೊತ್ತಿಲ್ಲ. ಅವು ಕಳಿಸುವ ಫ್ರೇಮಿನಲ್ಲಿ ಟ್ಯಾಗ್ ಇರುವುದಿಲ್ಲ. ಅದು ಯಾವ ವಿಲ್ಯಾನಿಗೆ ಸೇರಬೇಕೆಂದು ನಿರ್ಧರಿಸುವುದು ಸ್ವಿಚ್ಚಿನ ಪೋರ್ಟ್. ಎರಡು ಸ್ವಿಚ್‌ಗಳ ನಡುವಿನ ತಂತಿಯಲ್ಲಿ, ಅಂದರೆ ಟ್ರಂಕ್‌ನಲ್ಲಿ, ಮೂರೂ ವಿಲ್ಯಾನ್‌ಗಳು ಒಟ್ಟಿಗೆ ಹೋಗಬೇಕಾದ್ದರಿಂದ, ಅಲ್ಲಿ ಪ್ರತಿ ಫ್ರೇಮಿನೊಳಗೆ 4 ಬೈಟಿನ ಟ್ಯಾಗ್ ಸೇರಿಸಿ ವಿಲ್ಯಾನ್ ಸಂಖ್ಯೆಯನ್ನು ಬರೆಯಲಾಗುತ್ತದೆ. ಟ್ರಂಕ್‌ನಲ್ಲಿ ಟ್ಯಾಗ್ ಇಲ್ಲದೆ ಬಂದ ಫ್ರೇಮನ್ನು ಸ್ವಿಚ್ ತನ್ನ ನೇಟಿವ್ ವಿಲ್ಯಾನ್‌ಗೆ ಹಾಕಿಕೊಳ್ಳುತ್ತದೆ. ನೀವು ಬದಲಿಸದಿದ್ದರೆ ಅದು 1.

ಕೆಲಸ ಶುರುಮಾಡುವುದು ಕ್ಯಾಮೆರಾದ ಕಡೆಯಿಂದ. ಅದರ ಮ್ಯಾಕ್ ವಿಳಾಸ ಹಿಂದಿನ ಸ್ಟಿಕ್ಕರಿನಲ್ಲಿರುತ್ತದೆ, ಬರೆದುಕೊಳ್ಳಿ. ಕ್ಯಾಮೆರಾವನ್ನು ಒಮ್ಮೆ ಆರಿಸಿ ಹಾಕಿ. ಸುಮ್ಮನಿರುವ ಸಾಧನದ ವಿಳಾಸವನ್ನು ಸ್ವಿಚ್ ಸಾಮಾನ್ಯವಾಗಿ 5 ನಿಮಿಷಕ್ಕೆ ಮರೆತುಬಿಡುತ್ತದೆ, ಅದು ಮಾತಾಡಿದರೆ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಪ್ರತಿ ಸ್ವಿಚ್ಚಿನಲ್ಲೂ ಆ ವಿಳಾಸವನ್ನು ಹುಡುಕಿ. ಸಿಸ್ಕೊ ಮಾದರಿಯಲ್ಲಿ:

```
show mac address-table vlan 30
```

ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಯವರೆಗೆ ದಾರಿ ಸರಿ. ಎಲ್ಲಿ ಕಾಣೆಯಾಯಿತೋ ಆ ಸ್ವಿಚ್, ಇಲ್ಲವೇ ಅದಕ್ಕೆ ಬರುವ ಟ್ರಂಕ್ ತಪ್ಪು. ಮುಲುಂಡಿನಲ್ಲಿ ಹಾಲ್‌ನ ಸ್ವಿಚ್ಚಿನ ವಿಲ್ಯಾನ್ 30ರ ಪಟ್ಟಿಯಲ್ಲಿ ಆ ವಿಳಾಸ ಇರಲಿಲ್ಲ. ಆದರೆ ಹುಡುಗ ಲಾಡ್ಜಿನ ಸ್ವಿಚ್ಚಿನಲ್ಲೇ ಮೂರು ಗಂಟೆ ಕೂತಿದ್ದ.

ಈಗ ಅತಿ ಹೆಚ್ಚು ಜನ ಮೋಸಹೋಗುವ ಜಾಗ. ಹಾಲ್‌ನ ಸ್ವಿಚ್ಚಿಗೆ ಒಂದೇ ಒಂದು ಕ್ಯಾಮೆರಾವೂ ಇಲ್ಲ, ಹಾಗಾಗಿ ಅಲ್ಲಿ ವಿಲ್ಯಾನ್ 30 ಮಾಡುವ ಅಗತ್ಯವಿಲ್ಲ ಎಂದುಕೊಂಡಿದ್ದರು. ಟ್ರಂಕ್‌ನಲ್ಲಿ ಎಲ್ಲಕ್ಕೂ ಅನುಮತಿ ಇದೆಯಲ್ಲ, ತಾನಾಗಿ ಹಾದುಹೋಗುತ್ತದೆ ಎಂಬ ನಂಬಿಕೆ. ಹೋಗುವುದಿಲ್ಲ. ಸಿಸ್ಕೊ ಸ್ವಿಚ್ಚಿನಲ್ಲಿ ಆ ವಿಲ್ಯಾನ್ ಸೃಷ್ಟಿಯಾಗಿರದಿದ್ದರೆ, ಆ ಟ್ಯಾಗ್ ಹೊತ್ತು ಬಂದ ಫ್ರೇಮ್ ಅಲ್ಲೇ ಬಿದ್ದುಹೋಗುತ್ತದೆ. `show interfaces trunk` ಹಾಕಿದಾಗ ಕಂಡದ್ದರ ಮುಖ್ಯ ಭಾಗ ಇದು:

```
Port   Vlans allowed on trunk
Gi0/2  1-4094

Port   Vlans allowed and active in management domain
Gi0/2  1,10,20
```

ಹುಡುಗ ಮೊದಲ ಪಟ್ಟಿ ನೋಡಿ 30 ಅದರೊಳಗೇ ಇದೆ ಎಂದು ಮುಂದೆ ಹೋಗಿದ್ದ. ಆ ಪಟ್ಟಿ ಹೇಳುವುದು ಬರೀ ಅನುಮತಿಯನ್ನು. ಇಲ್ಲಿ ನಿಮಗೆ ಬೇಕಾದ ಉತ್ತರ ಎರಡನೆಯದರಲ್ಲಿದೆ, ಅಲ್ಲಿ 30 ಇಲ್ಲ. ಮದ್ದು ಎರಡೇ ಸಾಲಿನದು:

```
vlan 30
 name CAMERA
```

ದಾರಿಯಲ್ಲಿರುವ ಪ್ರತಿ ಸ್ವಿಚ್ಚಿನಲ್ಲೂ ವಿಲ್ಯಾನ್ ಅನ್ನು ಕೈಯಾರೆ ಮಾಡಿ. ಮೂರು ಸ್ವಿಚ್ಚಿನ ಕಟ್ಟಡಕ್ಕೆ ತಾನಾಗಿ ಹರಡುವ ವ್ಯವಸ್ಥೆಯ ಸಹವಾಸ ಬೇಡ.

ನಿಮ್ಮ ಟ್ರಂಕ್‌ನಲ್ಲಿ ಅನುಮತಿಯ ಪಟ್ಟಿಯನ್ನು ಮೊದಲೇ ಕಿರಿದು ಮಾಡಿದ್ದರೆ, 30 ಸೇರಿಸುವಾಗ `add` ಪದವನ್ನು ಬಿಡಲೇಬೇಡಿ:

```
switchport trunk allowed vlan add 30
```

ಅದನ್ನು ಬಿಟ್ಟರೆ 10 ಮತ್ತು 20 ಅಳಿಸಿಹೋಗಿ 30 ಒಂದೇ ಉಳಿಯುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೀಗಾಗಿ ಮೇಲಿನ ಬಿಲ್ಲಿಂಗ್ ನಿಂತದ್ದನ್ನು ನೋಡಿದ್ದೇನೆ. ದೂರದಿಂದ ಲಾಗಿನ್ ಆಗಿ ಮಾಡುತ್ತಿದ್ದರಂತೂ ನೀವು ಕೂತ ಕೊಂಬೆಯೇ ಕಡಿದುಹೋಗಬಹುದು. ಟ್ರಂಕ್ ಸಾಲುಗಳನ್ನು ಹೋಟೆಲ್ ಮುಚ್ಚಿದ ಮೇಲೆ, ಸ್ವಿಚ್ಚಿನ ಮುಂದೆ ನಿಂತು ಹಾಕಿ.

ಹಾಲ್‌ನಲ್ಲಿ 30 ಮಾಡಿದ ಮೇಲೂ ಚಿತ್ರ ಬರಲಿಲ್ಲ. ಈ ಸಲ ವಿಲ್ಯಾನ್ ಸಂಖ್ಯೆ ಹಾಕದೆ ಬರೀ ಮ್ಯಾಕ್ ವಿಳಾಸವನ್ನು ಹುಡುಕಿದೆವು. ಸಿಕ್ಕಿತು, ಆದರೆ ವಿಲ್ಯಾನ್ 1ರಲ್ಲಿ! ಅಂದರೆ ಕ್ಯಾಮೆರಾದ ಫ್ರೇಮ್ ಲಾಡ್ಜಿನಿಂದ ಟ್ಯಾಗ್ ಇಲ್ಲದೆ ಇಳಿಯುತ್ತಿದೆ.

ಲಾಡ್ಜಿನದು ಬ್ರೌಸರಿನಲ್ಲಿ ಸೆಟ್ ಮಾಡುವ ಸಣ್ಣ ಸ್ವಿಚ್. ಇವುಗಳಲ್ಲಿ ಒಂದು ಪುಟದಲ್ಲಿ ಯಾವ ಪೋರ್ಟ್ ಯಾವ ವಿಲ್ಯಾನಿನ ಸದಸ್ಯ, ಟ್ಯಾಗ್ ಸಹಿತವೋ ರಹಿತವೋ ಎಂದು ಗುರುತು ಹಾಕಬೇಕು. ಅದು ಹೊರಗೆ ಹೋಗುವ ಫ್ರೇಮಿನ ಮಾತು. ಒಳಗೆ ಬರುವ, ಟ್ಯಾಗ್ ಇಲ್ಲದ ಫ್ರೇಮ್ ಎಲ್ಲಿ ಸೇರಬೇಕೆಂಬುದಕ್ಕೆ ಬಹಳಷ್ಟು ಮಾದರಿಗಳಲ್ಲಿ PVID ಎಂಬ ಬೇರೆ ಪುಟವಿದೆ. ಹುಡುಗ ಕ್ಯಾಮೆರಾ ಪೋರ್ಟನ್ನು 30ರಲ್ಲಿ U, ಅಂದರೆ ಟ್ಯಾಗ್ ರಹಿತ ಎಂದು ಗುರುತಿಸಿದ್ದ, PVID ಹಾಗೇ 1 ಆಗಿ ಉಳಿದಿತ್ತು. ಕೆಳಗಿನ ಕರೆ ಕ್ಯಾಮೆರಾವನ್ನು ಮುಟ್ಟುತ್ತದೆ, ಕ್ಯಾಮೆರಾದ ಉತ್ತರ ಬೇರೆ ವಿಲ್ಯಾನಿಗೆ ಹೋಗುತ್ತದೆ. PVIDಯನ್ನು 30 ಮಾಡಿ, ಅದೇ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆದು ಹಾಕಿದ ಮೇಲೆ ಗಲ್ಲೆಯ ಟಿವಿಯಲ್ಲಿ ಲಾಡ್ಜಿನ ಮೆಟ್ಟಿಲು ಕಂಡಿತು.

ಟ್ರಂಕ್ ಪೋರ್ಟಿನಲ್ಲಿ 10, 20, 30 ಮೂರೂ T, ಅಂದರೆ ಟ್ಯಾಗ್ ಸಹಿತ ಆಗಿರಬೇಕು. ಒಂದು ಪೋರ್ಟಿನಲ್ಲಿ ಟ್ಯಾಗ್ ಇಲ್ಲದ ವಿಲ್ಯಾನ್ ಒಂದೇ ಇರಲಿ, ಮತ್ತು ಅದು ತಂತಿಯ ಎರಡೂ ತುದಿಯಲ್ಲಿ ಒಂದೇ ಸಂಖ್ಯೆಯಾಗಿರಲಿ. ಈಚೆ ನೇಟಿವ್ 1, ಆಚೆ 20 ಎಂದಿದ್ದರೆ ಈಚೆಯ 1ರ ಫ್ರೇಮ್ ಆಚೆ ಗಿರಾಕಿಗಳ ವೈಫೈಯೊಳಗೆ ಇಳಿಯುತ್ತದೆ. ಎರಡೂ ಕಡೆ ಸಿಸ್ಕೊ ಇದ್ದರೆ `NATIVE_VLAN_MISMATCH` ಎಂದು ಮತ್ತೆ ಮತ್ತೆ ದೂರುತ್ತದೆ. ಬೇರೆ ಬೇರೆ ಕಂಪನಿಯವಾದರೆ ಯಾರೂ ಬಾಯಿ ಬಿಡದಿರಬಹುದು. ಯಾವುದೋ ಯಂತ್ರಕ್ಕೆ ಬೇರೆ ವಿಭಾಗದ ಐಪಿ ವಿಳಾಸ ಸಿಕ್ಕಾಗಲೇ ಗೊತ್ತಾಗುವುದು. ನನ್ನ ಪದ್ಧತಿ, ಯಾರೂ ಬಳಸದ 999 ಅನ್ನು ಎರಡೂ ಕಡೆ ನೇಟಿವ್ ಮಾಡುವುದು. ಆದರೆ ಸಣ್ಣ ಸ್ವಿಚ್‌ಗಳಲ್ಲಿ ಕೆಲವಕ್ಕೆ ಸೆಟ್ಟಿಂಗ್ ಪುಟ ತೆರೆಯುವುದೇ ವಿಲ್ಯಾನ್ 1ರಲ್ಲಿ. ಅಂಥದ್ದಿದ್ದರೆ ಎರಡೂ ಕಡೆ 1 ಅನ್ನೇ ಉಳಿಸಿ, ಬೇರೆ ಯಾವ ಯಂತ್ರವನ್ನೂ ಅದರಲ್ಲಿ ಇಡಬೇಡಿ.

ಇನ್ನೊಂದು ಅಡ್ಡದಾರಿ ಬಗ್ಗೆ. ತಂತಿ ಸಾಲದೆಂದು ಟ್ರಂಕ್‌ನ ನಡುವೆ ಸೆಟ್ಟಿಂಗ್ ಇಲ್ಲದ ಅಗ್ಗದ ಸ್ವಿಚ್ ತೂರಿಸಬೇಡಿ. ಟ್ಯಾಗ್ ಸೇರಿದರೆ ತುಂಬಿದ ಫ್ರೇಮ್ 1518 ಬೈಟಿನಿಂದ 1522ಕ್ಕೆ ಏರುತ್ತದೆ. ಕೆಲವು ಹಳೆಯ ಸ್ವಿಚ್‌ಗಳು ಅದನ್ನು ದಾಟಿಸದೆ ಎಸೆಯುತ್ತವೆ. ಆಗ ಸಣ್ಣ ಪಿಂಗ್ ಸರಿಯಾಗಿ ಹೋಗಿಬರುತ್ತದೆ, ಕ್ಯಾಮೆರಾದ ಚಿತ್ರ ಮಾತ್ರ ಬರುವುದಿಲ್ಲ. ಪರೀಕ್ಷೆಗೆ ವಿಂಡೋಸ್ ಲ್ಯಾಪ್‌ಟಾಪನ್ನು ಕೆಳಗೆ ವಿಲ್ಯಾನ್ 30ರ ಪೋರ್ಟಿಗೆ ಚುಚ್ಚಿ `ping -f -l 1472` ಎಂದು ಹಾಕಿ, ಮುಂದೆ ಕ್ಯಾಮೆರಾದ ಐಪಿ ಕೊಡಿ. ಸಣ್ಣದು ಹೋಗಿ ಇದು ಹೋಗದಿದ್ದರೆ ನಡುವಿನ ಡಬ್ಬಿಯನ್ನು ಕಿತ್ತು, ನೇರ ತಂತಿ ಎಳೆಯಿರಿ.

ಎಲ್ಲ ಸರಿಯಾದ ಮೇಲೆ ಸಿಸ್ಕೊದಲ್ಲಿ `copy running-config startup-config` ಹಾಕಿ. ಬ್ರೌಸರಿನ ಸ್ವಿಚ್‌ಗಳಲ್ಲಿ Apply ಒತ್ತಿದರೆ ಸಾಲದು, ಹಲವು ಮಾದರಿಗಳಲ್ಲಿ Save ಬೇರೆಯೇ ಇರುತ್ತದೆ. ಒತ್ತಿ, ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿ, ಚಿತ್ರ ಮತ್ತೆ ಬಂದದ್ದನ್ನು ನೋಡಿಯೇ ಹೊರಡಿ.